ಹತ್ತಿರದ ಫ್ಲ್ಯಾಶ್‌ಗೆ ಮುಖ ಬಿಳಿಚಿದೆಯಾ? ಕಾರಣ ಹುಡುಕುವುದು, ಚರ್ಮದ ವಿವರ ವಾಪಸ್ ತರುವುದು

ನೆಂಟರ ಮನೆಯಲ್ಲಿ ಸೀಮಂತ. ಹಾಲ್ ಸಣ್ಣದು, ಜನ ಜಾಸ್ತಿ. ದೊಡ್ಡಮ್ಮ ಬಳೆ ತೊಡಿಸಲು ಬಾಗಿದರು, ನಾನು ಒಂದೂಕಾಲು ಮೀಟರ್ ದೂರದಿಂದ ಕ್ಯಾಮೆರಾ ಮೇಲಿನ ಫ್ಲ್ಯಾಶ್ ನೇರವಾಗಿ ಹೊಡೆದೆ. ಸ್ಕ್ರೀನ್ ನೋಡಿದರೆ ದೊಡ್ಡಮ್ಮನ ಹಣೆ ಬಿಳಿ ಕಾಗದದ ಹಾಗೆ. ಕೆಂಪು ಕುಂಕುಮ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಮೂಗಿನ ಗೆರೆಯೇ ಇಲ್ಲ. ಅವರ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಭಾವ ಮಾತ್ರ ಬಹಳ ಚೆನ್ನಾಗಿ ಬಂದಿದ್ದಾರೆ.

ಮದುವೆ, ನಾಮಕರಣ, ಗೃಹಪ್ರವೇಶ ಎಂದು ಮನೆಯೊಳಗೆ ಫೋಟೋ ತೆಗೆಯುವ ಎಲ್ಲರಿಗೂ ಈ ತೊಂದರೆ ಗೊತ್ತು. ಆದರೆ "ಮುಖ ಓವರ್ ಆಗಿದೆ" ಅನ್ನುವುದರ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣ ಇರುತ್ತವೆ. ಬಿಳಿ ಎಲ್ಲಿ ಬಿದ್ದಿದೆ, ಹೇಗೆ ಬಿದ್ದಿದೆ ಎಂದು ನೋಡಿದರೆ ಕಾರಣ ಸಿಗುತ್ತದೆ. ಅದಕ್ಕೆ ಮೊದಲು ಕ್ಯಾಮೆರಾ ಮೆನುವಿನಲ್ಲಿ ಹೈಲೈಟ್ ಎಚ್ಚರಿಕೆ ಆನ್ ಮಾಡಿಕೊಳ್ಳಿ. ಸುಟ್ಟುಹೋದ ಜಾಗ ಕಪ್ಪು ಬಿಳಿಯಾಗಿ ಮಿಣುಕುತ್ತದೆ. ಬಿಸಿಲಲ್ಲಿ ಅಥವಾ ಮಂಕು ಬೆಳಕಲ್ಲಿ ಸ್ಕ್ರೀನ್ ಕಣ್ಣಿಗೆ ಮೋಸ ಮಾಡುತ್ತದೆ, ಈ ಮಿಣುಕು ಮಾಡುವುದಿಲ್ಲ.

ಮುಂದಿನವರು ಬೆಳ್ಳಗೆ, ಹಿಂದಿನವರು ಸರಿ

ಇದು ದೂರದ ತೊಂದರೆ. ಫ್ಲ್ಯಾಶ್ ಬೆಳಕು ಮುಂದೆ ಹೋದಂತೆ ಹರಡಿಕೊಳ್ಳುತ್ತದೆ. ದೂರ ಎರಡರಷ್ಟಾದರೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಭಾವ ನಿಂತಿದ್ದದ್ದು ಎರಡೂವರೆ ಮೀಟರ್ ದೂರದಲ್ಲಿ, ದೊಡ್ಡಮ್ಮ ಇದ್ದದ್ದು ಅದರ ಅರ್ಧ ದೂರದಲ್ಲಿ. ಹಾಗಾಗಿ ಭಾವನ ಮೇಲೆ ಬಿದ್ದದ್ದಕ್ಕಿಂತ ನಾಲ್ಕು ಪಟ್ಟು ಬೆಳಕು ದೊಡ್ಡಮ್ಮನ ಮುಖದ ಮೇಲೆ ಬಿತ್ತು. ಬೆಳಕು ಎರಡು ಪಟ್ಟಾದರೆ ನಮ್ಮ ಲೆಕ್ಕದಲ್ಲಿ ಒಂದು ಸ್ಟಾಪ್, ಹಾಗಾಗಿ ಇದು ಎರಡು ಸ್ಟಾಪ್.

ಹತ್ತಿರ ಹೋದಷ್ಟೂ ಈ ವ್ಯತ್ಯಾಸ ತೀಕ್ಷ್ಣವಾಗುತ್ತದೆ. ಅರ್ಧ ಮೀಟರ್‌ನಲ್ಲಿ ಇರುವವರು ಕಾಲು ಮೀಟರ್ ಮುಂದೆ ಬಾಗಿದರೂ ಎರಡು ಸ್ಟಾಪ್ ಏರುತ್ತದೆ. ನಾಲ್ಕು ಮೀಟರ್‌ನಲ್ಲಿ ಇರುವವರು ಅಷ್ಟೇ ಬಾಗಿದರೆ ಏನೂ ಗೊತ್ತಾಗುವುದಿಲ್ಲ.

ಖರ್ಚಿಲ್ಲದ ಮೊದಲ ಪರಿಹಾರ ಹಿಂದೆ ಸರಿಯುವುದು. ಎರಡು ಹೆಜ್ಜೆ ಹಿಂದೆ ಹೋಗಿ ಜೂಮ್ ಮಾಡಿ. ಎಲ್ಲರೂ ಒಂದೇ ಸಾಲಿನಲ್ಲಿ ಇರುವ ಹಾಗೆ ನೀವು ಪಕ್ಕಕ್ಕೆ ಬಂದು ನಿಂತರೂ ಸಾಕು, ಆಗ ಎಲ್ಲ ಮುಖಕ್ಕೂ ಫ್ಲ್ಯಾಶ್‌ನಿಂದ ದೂರ ಹೆಚ್ಚುಕಡಿಮೆ ಒಂದೇ ಆಗುತ್ತದೆ.

ಜಾಗವೇ ಇಲ್ಲದಿದ್ದರೆ ಫ್ಲ್ಯಾಶ್ ತಲೆಯನ್ನು ತಾರಸಿಗೆ ತಿರುಗಿಸಿ. ಬೆಳಕು ಮೇಲೆ ಹೋಗಿ ಅಗಲವಾಗಿ ಕೆಳಗೆ ಬರುತ್ತದೆ. ಆಗ ಮುಂದಿನವರಿಗೂ ಹಿಂದಿನವರಿಗೂ ತಾರಸಿಯಿಂದ ಬರುವ ದೂರ ಬಹುತೇಕ ಸಮ. ಸುಣ್ಣ ಅಥವಾ ಬಿಳಿ ಪೇಂಟ್ ಬಳಿದ ತಾರಸಿ ಆದರೆ ಮಾತ್ರ ಇದು ಕೆಲಸ ಮಾಡುತ್ತದೆ. ಹೆಂಚಿನ ಮನೆಯಲ್ಲಿ ಹೀಗೆ ಮಾಡಿದರೆ ಹೆಂಚಿನ ಕೆಂಪು ಮುಖಕ್ಕೆಲ್ಲ ಬಳಿದುಕೊಳ್ಳುತ್ತದೆ. ಹಸಿರು ಗೋಡೆಗೆ ತಿರುಗಿಸಿದರೆ ಕೆನ್ನೆ ಹಸಿರು. ಅಂಥ ಕಡೆ ನಾನು ಒಂದು ಥರ್ಮಾಕೋಲ್ ಶೀಟ್ ಒಯ್ಯುತ್ತೇನೆ. ಯಾರಾದರೂ ಹುಡುಗರು ಅದನ್ನು ಪಕ್ಕದಲ್ಲಿ ಎತ್ತಿ ಹಿಡಿದರೆ ಅದಕ್ಕೆ ಫ್ಲ್ಯಾಶ್ ಹೊಡೆದರಾಯಿತು.

ಪವರ್ ಇಳಿಸುತ್ತಲೇ ಇದ್ದೇನೆ, ಮುಖ ಮಾತ್ರ ಬಿಳಿಯೇ

ಇಲ್ಲಿ ಎರಡು ಸಾಧ್ಯತೆ. ಒಂದು, ಫ್ಲ್ಯಾಶ್ ತನ್ನ ಕನಿಷ್ಠ ಮಟ್ಟ ಮುಟ್ಟಿದೆ. ಎರಡು, ಫ್ಲ್ಯಾಶ್ ನಿಮ್ಮ ಮಾತು ಕೇಳುತ್ತಲೇ ಇಲ್ಲ.

ಮೊದಲನೆಯದು ತುಂಬಾ ಸಾಮಾನ್ಯ, ಆದರೆ ಯಾರಿಗೂ ಬೇಗ ಹೊಳೆಯುವುದಿಲ್ಲ. ಫ್ಲ್ಯಾಶ್ ಎಷ್ಟು ಬೇಕಾದರೂ ಮಂದ ಆಗಲಾರದು. ಅನೇಕ ಫ್ಲ್ಯಾಶ್‌ಗಳಿಗೆ ಪೂರ್ತಿ ಪವರ್‌ನ 1/128 ಭಾಗವೇ ಕೊನೆ. ಅಂದಿನ ನನ್ನ ಲೆಕ್ಕವನ್ನೇ ನೋಡಿ. ಫ್ಲ್ಯಾಶ್‌ನ ಬಲ ಹೇಳುವ ಅಂಕಿಯಾದ ಗೈಡ್ ನಂಬರ್ ಪೂರ್ತಿ ಪವರ್‌ನಲ್ಲಿ, ಐಎಸ್‌ಒ 100ಕ್ಕೆ, 40. 1/128ಕ್ಕೆ ಇಳಿಸಿದರೆ ಗೈಡ್ ನಂಬರ್ ಸುಮಾರು 3.5. ನಾನು ಐಎಸ್‌ಒ 800 ಇಟ್ಟಿದ್ದೆ, ಅದರಿಂದ ಅದು ಮತ್ತೆ 10ಕ್ಕೆ ಏರುತ್ತದೆ. ಗೈಡ್ ನಂಬರನ್ನು ಅಪರ್ಚರ್‌ನಿಂದ ಭಾಗಿಸಿದರೆ ಸರಿಯಾದ ದೂರ ಸಿಗುತ್ತದೆ:

```
10 ÷ 4 (f/4) = 2.5 ಮೀಟರ್
```

ಅಂದರೆ ಫ್ಲ್ಯಾಶ್ ತನ್ನ ಅತಿ ಕಡಿಮೆ ಬೆಳಕು ಕೊಟ್ಟರೂ ಎರಡೂವರೆ ಮೀಟರ್ ದೂರದವರಿಗೆ ಸರಿಯಾಗುತ್ತಿತ್ತು. ಭಾವ ಸರಿಯಾಗಿ ಬಂದದ್ದು ಅದಕ್ಕೇ. ಒಂದೂಕಾಲು ಮೀಟರ್‌ನ ದೊಡ್ಡಮ್ಮನಿಗೆ ಅದಕ್ಕಿಂತ ಕಡಿಮೆ ಬೆಳಕು ಕೊಡಲು ಆ ಫ್ಲ್ಯಾಶ್‌ಗೆ ಆಗುತ್ತಲೇ ಇರಲಿಲ್ಲ. ಕ್ಯಾಮೆರಾವೇ ಬೆಳಕು ಅಳೆದು ಪವರ್ ಆರಿಸುವ ಆಟೋಮ್ಯಾಟಿಕ್ TTL ಇಟ್ಟಿದ್ದರೂ ಅದೇ ಕಥೆ.

ಪರಿಹಾರ ಅದೇ ಲೆಕ್ಕದಲ್ಲಿದೆ. ಐಎಸ್‌ಒ 800ರಿಂದ 200ಕ್ಕೆ ಇಳಿಸಿದರೆ ಗೈಡ್ ನಂಬರ್ 5 ಆಗುತ್ತದೆ, ಅದನ್ನು 4ರಿಂದ ಭಾಗಿಸಿದರೆ ಒಂದೂಕಾಲು ಮೀಟರ್. ಅಥವಾ ಐಎಸ್‌ಒ ಹಾಗೇ ಇಟ್ಟು f/8ಗೆ ಹೋದರೂ ಅಷ್ಟೇ. ಎರಡರಲ್ಲೂ ಒಂದು ಕಳೆದುಕೊಳ್ಳುವುದಿದೆ: ದೀಪದ ಬೆಳಕು, ಕೋಣೆಯ ಬೆಚ್ಚಗಿನ ಹೊಳಪು ಕಪ್ಪಾಗುತ್ತದೆ. ಅದು ಬೇಕೆಂದರೆ ಫ್ಲ್ಯಾಶ್‌ನೊಳಗಿಂದ ಎಳೆಯುವ ಅಗಲದ ಪ್ಲಾಸ್ಟಿಕ್ ಹಲಗೆಯನ್ನು ಮುಂದೆ ಬಿಡಿ, ಅಥವಾ ತಾರಸಿಗೆ ತಿರುಗಿಸಿ.

ಶಟರ್ ಸ್ಪೀಡ್ ಏರಿಸುತ್ತಾ ಕೂರಬೇಡಿ. ಫ್ಲ್ಯಾಶ್ ಮಿಂಚುವ ಸಮಯ ಶಟರ್ ತೆರೆದಿರುವ ಸಮಯಕ್ಕಿಂತ ತೀರಾ ಚಿಕ್ಕದು. 1/60 ಇದ್ದರೂ 1/200 ಇದ್ದರೂ ಫ್ಲ್ಯಾಶ್‌ನ ಪೂರ್ತಿ ಬೆಳಕು ಮುಖಕ್ಕೆ ಬೀಳುತ್ತದೆ. ಶಟರ್ ಏರಿಸಿದರೆ ಹಿಂದಿನ ಕೋಣೆ ಮಾತ್ರ ಕಪ್ಪಾಗುತ್ತದೆ, ಮುಖ ಇನ್ನೂ ಬೆಳ್ಳಗೆ ಕಾಣುತ್ತದೆ.

ಎರಡನೆಯ ಸಾಧ್ಯತೆಗೆ ಒಂದು ಸುಲಭ ಪರೀಕ್ಷೆ ಇದೆ. ಫ್ಲ್ಯಾಶನ್ನು ಪವರ್ ನಾವೇ ಆರಿಸುವ `M` ಮೋಡ್‌ಗೆ ಹಾಕಿ, ಖಾಲಿ ಗೋಡೆಗೆ 1/1ರಲ್ಲಿ ಒಂದು, 1/64ರಲ್ಲಿ ಒಂದು ಹೊಡೆಯಿರಿ. ಫೋಟೋಗಳಲ್ಲಿ ಅಜಗಜಾಂತರ ಇರಬೇಕು. ಜೊತೆಗೆ ರೆಡಿ ಲೈಟ್ ನೋಡಿ. 1/64ರಲ್ಲಿ ಹೊಡೆದ ತಕ್ಷಣವೇ ಅದು ಹೊತ್ತಿಕೊಳ್ಳಬೇಕು. ಪ್ರತಿ ಸಲ ಮೂರು ನಾಲ್ಕು ಸೆಕೆಂಡ್ ಕಾಯಬೇಕಾಗಿ ಬಂದರೆ, ಪರದೆ ಮೇಲೆ ಏನೇ ಬರೆದಿದ್ದರೂ, ಅದು ಪ್ರತಿ ಸಲ ಪೂರ್ತಿ ಪವರ್ ಸುರಿಯುತ್ತಿದೆ.

`M` ಮೋಡ್‌ನಲ್ಲಿ ಸರಿಯಾಗಿದ್ದು TTLನಲ್ಲಿ ಮಾತ್ರ ಹೀಗಾದರೆ ಕ್ಯಾಮೆರಾ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಹಾಟ್ ಶೂ ಪಿನ್‌ಗಳ ಕೊಳೆ ಮೊದಲ ಅನುಮಾನ. ಎರಡನ್ನೂ ಆಫ್ ಮಾಡಿ, ಒಣ ಬಟ್ಟೆಯಿಂದ ಪಿನ್ ಒರೆಸಿ, ಫ್ಲ್ಯಾಶನ್ನು ಕೊನೆಯವರೆಗೂ ತಳ್ಳಿ ಲಾಕ್ ಮಾಡಿ. `M` ಮೋಡ್‌ನಲ್ಲೂ ಪೂರ್ತಿ ಪವರ್ ಬರುತ್ತಿದ್ದರೆ ಬೆಳಕನ್ನು ಮಧ್ಯದಲ್ಲೇ ಕತ್ತರಿಸುವ ಸರ್ಕ್ಯೂಟ್ ಹೋಗಿದೆ. ಅಲ್ಲಿಗೆ ನಿಲ್ಲಿಸಿ, ರಿಪೇರಿಗೆ ಕೊಡಿ. ದಯವಿಟ್ಟು ಬಿಚ್ಚಬೇಡಿ. ಒಳಗಿನ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ಇರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಉಳಿದಿರುತ್ತದೆ, ಜೀವಕ್ಕೇ ಅಪಾಯ. ಅಜ್ಜನ ಕಾಲದ ಹಳೇ ಫ್ಲ್ಯಾಶ್ ಸಿಕ್ಕಿದೆ ಎಂದು ಡಿಜಿಟಲ್ ಕ್ಯಾಮೆರಾಗೆ ಸುಮ್ನೆ ಸಿಕ್ಕಿಸುವುದೂ ಬೇಡ. ಕೆಲವು ಹಳೆಯವು ಪಿನ್ ಮೂಲಕವೇ ನೂರಾರು ವೋಲ್ಟ್ ಕಳಿಸಿ ಕ್ಯಾಮೆರಾ ಸುಡುತ್ತವೆ.

ಅದೇ ಜಾಗ, ಅದೇ ದೂರ: ಒಂದು ಫೋಟೋ ಸರಿ, ಇನ್ನೊಂದು ಬಿಳಿ

TTLನಲ್ಲಿ ಕ್ಯಾಮೆರಾ ಮೊದಲು ಒಂದು ಚಿಕ್ಕ ಮಿಂಚು ಕಳಿಸಿ, ಎಷ್ಟು ಬೆಳಕು ವಾಪಸ್ ಬಂತು ಎಂದು ಅಳೆದು, ಆಮೇಲೆ ನಿಜವಾದ ಫ್ಲ್ಯಾಶ್ ಹೊಡೆಯುತ್ತದೆ. ಚೌಕಟ್ಟಿನಲ್ಲಿ ಕಪ್ಪು ಜಾಸ್ತಿ ಇದ್ದರೆ ಬೆಳಕು ವಾಪಸ್ ಬರುವುದೇ ಇಲ್ಲ. ರಾತ್ರಿಯ ಅಂಗಳ, ತೆರೆದ ಬಾಗಿಲು, ಗಾಢ ಬಣ್ಣದ ರೇಷ್ಮೆ ಸೀರೆ ಇವೆಲ್ಲ ಹೀಗೇ. ಕ್ಯಾಮೆರಾ "ಕತ್ತಲಿದೆ" ಎಂದುಕೊಂಡು ಜಾಸ್ತಿ ಸುರಿಯುತ್ತದೆ, ಅದೆಲ್ಲ ಹತ್ತಿರದ ಮುಖಕ್ಕೇ ಬೀಳುತ್ತದೆ. ಮುಂದಿನ ಫೋಟೋದಲ್ಲಿ ಬಿಳಿ ಪಂಚೆ ಉಟ್ಟ ಪುರೋಹಿತರು ಬಂದರೆ ಎಲ್ಲವೂ ಕಪ್ಪು.

ಕಪ್ಪು ಹಿನ್ನೆಲೆ ಇದ್ದಾಗ ಫ್ಲ್ಯಾಶ್ ಕಾಂಪೆನ್ಸೇಷನ್ ಅನ್ನು -1ಕ್ಕೆ ಇಳಿಸಿ ಶುರುಮಾಡಿ. ಫ್ಲ್ಯಾಶ್ ಲಾಕ್ ಇನ್ನೂ ಒಳ್ಳೆಯದು. ಕೆಲವು ಕ್ಯಾಮೆರಾಗಳಲ್ಲಿ ಅದು `FEL`, ಕೆಲವದರಲ್ಲಿ `FV Lock`. ಮುಖವನ್ನು ಚೌಕಟ್ಟಿನ ಮಧ್ಯಕ್ಕೆ ತಂದು ಲಾಕ್ ಒತ್ತಿದರೆ ಮುಖಕ್ಕೇ ಅಳತೆ ಆಗುತ್ತದೆ. ಆಮೇಲೆ ಬೇಕಾದ ಹಾಗೆ ಚೌಕಟ್ಟು ಕಟ್ಟಿಕೊಳ್ಳಿ.

ಶಾಸ್ತ್ರ ನಡೆಯುವಷ್ಟು ಹೊತ್ತು ನೀವೂ ಅವರೂ ಇದ್ದ ಜಾಗದಲ್ಲೇ ಇರುವುದಾದರೆ `M` ಮೋಡ್ ಎಲ್ಲಕ್ಕಿಂತ ಭರವಸೆಯದು. ಒಮ್ಮೆ ಸರಿಮಾಡಿಕೊಂಡರೆ ಸೀರೆ ಬಣ್ಣ ನೋಡಿ ಅದು ಮನಸ್ಸು ಬದಲಿಸುವುದಿಲ್ಲ.

ಹಣೆ, ಮೂಗಿನ ತುದಿ ಮಾತ್ರ ಹೊಳೆಯುತ್ತಿದೆ

ಕೆನ್ನೆ ಸರಿಯಿದೆ, ಕುತ್ತಿಗೆ ಸರಿಯಿದೆ, ಹಣೆ ಮೇಲೆ ಮಾತ್ರ ನಾಣ್ಯದಷ್ಟು ಬಿಳಿ ಮಚ್ಚೆ. ಇದು ಫ್ಲ್ಯಾಶ್ ಜಾಸ್ತಿಯಾಗಿ ಬಂದದ್ದಲ್ಲ. ಎಣ್ಣೆ ಅಥವಾ ಬೆವರು ಕನ್ನಡಿಯಂತೆ ಫ್ಲ್ಯಾಶನ್ನೇ ವಾಪಸ್ ತೋರಿಸುತ್ತಿದೆ. ದೊಡ್ಡಮ್ಮನ ಫೋಟೋ ಹಿಗ್ಗಿಸಿ ನೋಡಿದಾಗ ಮೇಲ್ದುಟಿಯ ಮೇಲೆ ಸಾಸಿವೆ ಕಾಳಿನಷ್ಟು ಬೆವರ ಹನಿಗಳಿದ್ದವು, ಪ್ರತಿ ಹನಿಯ ತಲೆ ಮೇಲೆ ಒಂದೊಂದು ಬಿಳಿ ಚುಕ್ಕೆ. ಪವರ್ ಇಳಿಸಿದರೆ ಮುಖವೆಲ್ಲ ಕಪ್ಪಾಗುತ್ತದೆಯೇ ಹೊರತು ಆ ಹೊಳಪು ಹೋಗುವುದಿಲ್ಲ.

ಫ್ಯಾನ್ ಹಾಕಿಸಿ, ಟಿಶ್ಯೂ ಕೊಡಿ. ಒರೆಸುವುದಲ್ಲ, ಒತ್ತಿ ಹೀರಿಸುವುದು. ಒರೆಸಿದರೆ ಕುಂಕುಮವೂ ಹರಡುತ್ತದೆ. ಫ್ಲ್ಯಾಶ್ ನೇರವಾಗಿ ಬಿಡದೆ ತಾರಸಿಗೆ ತಿರುಗಿಸಿದರೆ ಆ ಮಚ್ಚೆ ಅಗಲವಾಗಿ, ಮೆತ್ತಗಾಗಿ ಚರ್ಮದಲ್ಲಿ ಕರಗುತ್ತದೆ.

ಇದಕ್ಕೆ ಉಲ್ಟಾ ಇನ್ನೊಂದಿದೆ. ಮುಖವೆಲ್ಲ ಹೊಳಪಿಲ್ಲದ ಬಿಳಿ, ಕುತ್ತಿಗೆಯ ಬಣ್ಣ ಸರಿ, ಹೈಲೈಟ್ ಎಚ್ಚರಿಕೆಯೂ ಮಿಣುಕುವುದಿಲ್ಲ. ಆಗ ಮೇಕಪ್ ನೋಡಿ. ಸನ್‌ಸ್ಕ್ರೀನ್ ಸೇರಿದ ಫೌಂಡೇಶನ್‌ನಲ್ಲಿರುವ ಟೈಟಾನಿಯಂ ಡೈಆಕ್ಸೈಡ್, ಜಿಂಕ್ ಆಕ್ಸೈಡ್, ಕೆಲವು ನಯವಾದ ಪೌಡರ್‌ಗಳ ಸಿಲಿಕಾ ಇವು ಕಣ್ಣಿಗೆ ಕಾಣದೆ ನೇರ ಫ್ಲ್ಯಾಶ್‌ಗೆ ಮಾತ್ರ ಬೆಳ್ಳಗೆ ಕಾಣುತ್ತವೆ. ಶಾಸ್ತ್ರ ಶುರುವಾಗುವ ಮೊದಲೇ ಮದುಮಗಳ ಒಂದು ಟೆಸ್ಟ್ ಫೋಟೋ ತೆಗೆದು ಮೇಕಪ್ ಮಾಡಿದವರಿಗೆ ತೋರಿಸಿ. ಆಗ ಇನ್ನೂ ಸರಿಮಾಡಬಹುದು.

ಮೊಬೈಲ್‌ನಲ್ಲಿ

ಮುಖಕ್ಕೆ ಬೆರಳಿಟ್ಟು ಫೋಕಸ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಒಂದು ಮೀಟರ್‌ಗಿಂತ ಹತ್ತಿರ ಹೋಗಬೇಡಿ. ಫ್ಲ್ಯಾಶ್ ಬಿಟ್ಟು, ಇನ್ನೊಬ್ಬರ ಮೊಬೈಲ್ ಟಾರ್ಚನ್ನು ಬಿಳಿ ಗೋಡೆಗೆ ಹಿಡಿಸಿದರೆ ಹೆಚ್ಚಿನ ಸಲ ಅದೇ ಚೆನ್ನಾಗಿ ಬರುತ್ತದೆ.

ಹತ್ತಿರದಲ್ಲಿ ಫ್ಲ್ಯಾಶ್ ಹೊಡೆಯುವಾಗ ಎಚ್ಚರ

ಫ್ಲ್ಯಾಶ್ ತಲೆಯನ್ನು ಚರ್ಮಕ್ಕೆ ತಾಗಿಸಿ ಹೊಡೆಯಬೇಡಿ, ಪೂರ್ತಿ ಪವರ್‌ನಲ್ಲಿ ಸುಡುತ್ತದೆ. ಬೆಳಕು ತಗ್ಗಿಸಲು ಟಿಶ್ಯೂ, ಪ್ಲಾಸ್ಟಿಕ್ ಕವರ್ ಸುತ್ತಿ ಒಂದರ ಹಿಂದೊಂದು ಹೊಡೆದರೆ ಬಿಸಿಗೆ ಟಿಶ್ಯೂ ಸುಡಬಹುದು, ಪ್ಲಾಸ್ಟಿಕ್ ಕರಗಿ ಫ್ಲ್ಯಾಶ್ ತಲೆಗೆ ಅಂಟಬಹುದು. ತೊಟ್ಟಿಲ ಮಗುವಿನ ಕಣ್ಣಿನ ಮುಂದೆ ಹಿಡಿದು ಹೊಡೆಯುವುದು ಬೇಡ, ತಾರಸಿಗೆ ತಿರುಗಿಸಿ. ಮಿನುಗುವ ಬೆಳಕಿಗೆ ಫಿಟ್ಸ್ ಬರುವವರು ಇದ್ದಾರೆ ಎಂದು ಮನೆಯವರು ಹೇಳಿದರೆ ಫ್ಲ್ಯಾಶ್ ಸಂಪೂರ್ಣ ಬಿಟ್ಟುಬಿಡಿ.

ತೆಗೆದಾಗಿದೆ. ಈಗ ಮುಖ ವಾಪಸ್ ಬರುತ್ತಾ?

ಉತ್ತರ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಎಡಿಟರ್‌ನಲ್ಲಿ ಎಕ್ಸ್‌ಪೋಷರ್ ಅನ್ನು ಎರಡು ಸ್ಟಾಪ್ ಕೆಳಗೆ ಎಳೆಯಿರಿ. ಬಿಳಿ ಜಾಗದಲ್ಲಿ ಚರ್ಮದ ರಂಧ್ರ, ಸುಕ್ಕು, ಬಣ್ಣ ಮೂಡಿದರೆ ಜೀವ ಇದೆ. ವಿಭೂತಿ ಬಳಿದ ಹಾಗೆ ಚಪ್ಪಟೆ ಬೂದು ಬಣ್ಣ ಬಂದರೆ ಅಲ್ಲಿ ಏನೂ ದಾಖಲಾಗಿಲ್ಲ. ಅದನ್ನು ಯಾವ ಸ್ಲೈಡರ್ ಕೂಡ ಹುಟ್ಟಿಸಲಾರದು.

ಸೆನ್ಸರ್ ದಾಖಲಿಸಿದ್ದನ್ನು ಜೆಪೆಗ್ ಮಾಡದೆ ಹಾಗೇ ಉಳಿಸಿಕೊಂಡ ರಾ ಫೈಲ್ ಇದ್ದರೆ ಆಸೆ ಇಟ್ಟುಕೊಳ್ಳಬಹುದು. ಚರ್ಮದಲ್ಲಿ ಕೆಂಪು ಜಾಸ್ತಿ. ಜೆಪೆಗ್ ಮಾಡುವಾಗ ಕ್ಯಾಮೆರಾ ವೈಟ್ ಬ್ಯಾಲೆನ್ಸ್‌ಗಾಗಿ ಆ ಕೆಂಪನ್ನು ಇನ್ನೂ ಹೆಚ್ಚಿಸುತ್ತದೆ, ಹಾಗಾಗಿ ಕೆಂಪೇ ಮೊದಲು ಮಿತಿ ದಾಟುತ್ತದೆ. ರಾ ಫೈಲಿನಲ್ಲಿ ಆ ಹೆಚ್ಚಳ ಇನ್ನೂ ಆಗಿರುವುದಿಲ್ಲ. ಕ್ಯಾಮೆರಾ ಹಿಂದೆ ಮಿಣುಕಿದ ಹಣೆ ರಾ ಫೈಲಿನಲ್ಲಿ ಬದುಕಿರುವುದು ಇದರಿಂದಲೇ. ಸಾಮಾನ್ಯವಾಗಿ ಒಂದು ಸ್ಟಾಪ್, ಅದೃಷ್ಟ ಇದ್ದರೆ ಇನ್ನೂ ಸ್ವಲ್ಪ ವಾಪಸ್ ಬರುತ್ತದೆ.

ದೊಡ್ಡಮ್ಮನ ಫೋಟೋವನ್ನು ನಾನು ಉಚಿತವಾಗಿ ಸಿಗುವ darktableನಲ್ಲಿ ತೆರೆದೆ. ಮೊದಲು `highlight reconstruction` ಆನ್ ಇದೆಯಾ ನೋಡಿದೆ, ವಿಧಾನ `inpaint opposed`. ಇದು ಆಫ್ ಇದ್ದರೆ ಸುಟ್ಟ ಜಾಗ ಗುಲಾಬಿ ಬಣ್ಣಕ್ಕೆ ತಿರುಗಬಹುದು. ಇಡೀ ಫೋಟೋ ಕತ್ತಲು ಮಾಡಲಿಲ್ಲ, ಭಾವ ಕಪ್ಪಾಗಿಬಿಡುತ್ತಿದ್ದರು. `exposure` ಮಾಡ್ಯೂಲಿನ ಎರಡನೇ ಪ್ರತಿ ತೆರೆದು, ಮುಖದ ಸುತ್ತ ಅಂಡಾಕಾರದ ಮಾಸ್ಕ್ ಎಳೆದು, ಅದರ ಅಂಚನ್ನು ಅಗಲವಾಗಿ ಮೆತ್ತಗೆ ಮಾಡಿ, -1.5ಕ್ಕೆ ಇಳಿಸಿದೆ. ಕೆನ್ನೆ ಬಂತು. ಕಣ್ಣಂಚಿನ ಗೆರೆಗಳು ಬಂದವು. ಮೂಗಿನ ಎಡಬದಿ ಬಂತು. ಹಣೆಯ ಮಧ್ಯದಲ್ಲಿ ಎರಡು ಬೆರಳಗಲ ಬೂದು ಮಚ್ಚೆ ಮಾತ್ರ ಹಾಗೇ ಉಳಿಯಿತು.

ಜೆಪೆಗ್ ಮಾತ್ರ ಇದೆ

GIMPನಲ್ಲಿ ತೆರೆದು ಕಲರ್ ಪಿಕ್ಕರ್‌ನಿಂದ ಬಿಳಿ ಜಾಗ ಮುಟ್ಟಿ ಮೂರು ಅಂಕಿ ನೋಡಿ. 255, 238, 201 ಹೀಗಿದ್ದರೆ ಕೆಂಪು ಮಾತ್ರ ಸತ್ತಿದೆ, ಹಸಿರಿನಲ್ಲಿ ಚರ್ಮದ ವಿವರ ಇನ್ನೂ ಇದೆ. ಬಿಳಿ ಮಚ್ಚೆಯ ಸುತ್ತ ಹಳದಿ ಅಂಚು ಕಾಣುವುದು ಇದೇ ಗುರುತು. 255, 255, 255 ಆದರೆ ಮುಗಿದಿದೆ.

ಹಸಿರು ಬದುಕಿದ್ದರೆ ಹೀಗೆ ಮಾಡಿ. ಲೇಯರ್‌ನ ಇನ್ನೊಂದು ಪ್ರತಿ ಮಾಡಿ, `Colors → Components → Mono Mixer` ತೆರೆದು ಕೆಂಪು 0, ಹಸಿರು 1, ನೀಲಿ 0 ಕೊಡಿ. ಹಸಿರು ಚಾನೆಲ್‌ನ ಕಪ್ಪು ಬಿಳುಪು ಚಿತ್ರ ಸಿಗುತ್ತದೆ, ಅದರಲ್ಲಿ ಚರ್ಮ ಎಷ್ಟು ಉಳಿದಿದೆ ಎಂದು ಕಣ್ಣಾರೆ ನೋಡಬಹುದು. ಲೇಯರ್ ಮೋಡ್ `Multiply`, ಒಪ್ಯಾಸಿಟಿ 40. ಕಪ್ಪು ಮಾಸ್ಕ್ ಸೇರಿಸಿ, ಮೆತ್ತನೆಯ ಬಿಳಿ ಬ್ರಷ್‌ನಿಂದ ಸುಟ್ಟ ಜಾಗಕ್ಕೆ ಮಾತ್ರ ಬಳಿಯಿರಿ. ಹಸಿರಿನಲ್ಲಿದ್ದ ನೆರಳು ಕೆಂಪಿಗೂ ಇಳಿಯುತ್ತದೆ. ಹಳದಿ ಉಳಿದರೆ ಬಣ್ಣದ ತಕರಾರು ಬಿಟ್ಟು ಆ ಹಸಿರು ಚಿತ್ರವನ್ನೇ ಕಪ್ಪು ಬಿಳುಪು ಪೋರ್ಟ್ರೇಟ್ ಆಗಿ ಇಟ್ಟುಕೊಳ್ಳಿ. ಎಷ್ಟೋ ಸಲ ಅದು ಬಣ್ಣದ ಫೋಟೋಗಿಂತ ಚೆನ್ನಾಗಿರುತ್ತದೆ.

ಪೂರ್ತಿ ಸತ್ತ ಮಚ್ಚೆ

ಇಲ್ಲಿ ವಾಪಸ್ ತರುವುದು ಎನ್ನುವ ಮಾತಿಲ್ಲ, ಬೇರೆ ಕಡೆಯಿಂದ ತಂದು ತುಂಬುವುದಷ್ಟೇ. ಮೊದಲು ಪಕ್ಕದ ಫೋಟೋಗಳನ್ನು ಹುಡುಕಿ. ಒಂದರ ಹಿಂದೊಂದು ಹೊಡೆದಾಗ ಫ್ಲ್ಯಾಶ್ ಚಾರ್ಜ್ ಆಗದೆ ಕತ್ತಲಾಗಿ ಬಂದ ಫೋಟೋ ಒಂದಾದರೂ ಇರುತ್ತದೆ. ನಾವೆಲ್ಲ ಅದನ್ನು ಮೊದಲು ಡಿಲೀಟ್ ಮಾಡುತ್ತೇವೆ, ಅಲ್ವಾ? ಚರ್ಮದ ವಿವರ ಪೂರ್ತಿಯಾಗಿ ಉಳಿದಿರುವುದು ಅದರಲ್ಲೇ. ಆಲ್ಬಮ್ ಮುಗಿಯುವ ತನಕ ಒಂದನ್ನೂ ಅಳಿಸಬೇಡಿ.

ದೊಡ್ಡಮ್ಮನ ಹಣೆ ನನಗೆ ಸಿಕ್ಕಿದ್ದು ಹಾಗೆಯೇ. ಮುಂದಿನ ಫೋಟೋದಲ್ಲಿ ಫ್ಲ್ಯಾಶ್ ಬಂದಿರಲಿಲ್ಲ, ತಲೆ ಸ್ವಲ್ಪ ಮಾತ್ರ ವಾಲಿತ್ತು. ಅದರ ಬೆಳಕು ಏರಿಸಿ, ವೈಟ್ ಬ್ಯಾಲೆನ್ಸ್ ಹೊಂದಿಸಿ, ಹಣೆ ಕತ್ತರಿಸಿ ಮೇಲಿಟ್ಟು, ತುಸು ತಿರುಗಿಸಿ, ಮಾಸ್ಕ್‌ನಿಂದ ಅಂಚು ಕರಗಿಸಿದೆ. ಕುಂಕುಮವೂ ತನ್ನ ಕೆಂಪಿನೊಂದಿಗೆ ಬಂತು. ಕತ್ತಲಿಂದ ಎತ್ತಿದ್ದರಿಂದ ಅದರಲ್ಲಿ ಕಾಳು ಕಾಳು ನಾಯ್ಸ್ ಇತ್ತು. ಉಳಿದ ಮುಖ ನುಣುಪಾಗಿತ್ತು. ಅದಕ್ಕೂ `Filters → Noise → RGB Noise`ನಿಂದ ಚೂರು ನಾಯ್ಸ್ ಸೇರಿಸಿದ ಮೇಲೆ ಎರಡೂ ಒಂದಾದವು.

ಅಂಥ ಫೋಟೋ ಸಿಗದಿದ್ದರೆ ಮಚ್ಚೆಯ ಅಂಚಿನ ಚರ್ಮದ ಬಣ್ಣ ಎತ್ತಿಕೊಂಡು, ಹೊಸ ಲೇಯರ್‌ನಲ್ಲಿ 15ರಿಂದ 20 ಒಪ್ಯಾಸಿಟಿಯಲ್ಲಿ ತೆಳುವಾಗಿ ಬಳಿಯಿರಿ. ಆಮೇಲೆ `Clone` ಟೂಲ್‌ನಿಂದ ಪಕ್ಕದ ಚರ್ಮದ ರಚನೆ ತನ್ನಿ. ಹಣೆಯ ಚರ್ಮವನ್ನು ಹಣೆಯಿಂದಲೇ ತನ್ನಿ, ಕೆನ್ನೆಯಿಂದ ತಂದರೆ ರಂಧ್ರಗಳ ಗಾತ್ರ ಹೊಂದುವುದಿಲ್ಲ. ಹೊಳಪನ್ನು ಪೂರ್ತಿ ಮುಚ್ಚಬೇಡಿ. ಹಣೆಗೆ ಸ್ವಲ್ಪ ಹೊಳಪು ಇರಲೇಬೇಕು, ಇಲ್ಲದಿದ್ದರೆ ಮಣ್ಣಿನ ಮುಖ ಆಗುತ್ತದೆ.

ನಿಲ್ಲಿಸಬೇಕಾದ ಗೆರೆ ಯಾವುದು? ಬಿಳಿ ಮಚ್ಚೆ ಕಣ್ಣು ಅಥವಾ ತುಟಿಯ ಅಂಚನ್ನು ನುಂಗಿದ್ದರೆ ಅಲ್ಲಿಗೆ ಕೈ ಬಿಡಿ. ಅಲ್ಲಿಂದ ಮುಂದೆ ನೀವು ಬರೆಯುವುದು ಬೇರೆ ಯಾರದೋ ಮುಖ. ಮತ್ತೆ ಸಿಗದ ಫೋಟೋ ಆದರೆ, ಉದಾಹರಣೆಗೆ ಈಗ ಇಲ್ಲದ ಹಿರಿಯರದ್ದು, ಮೂಲ ಫೈಲನ್ನು ಮುಟ್ಟದೆ ಪ್ರತಿ ಮಾಡಿ ರೀಟಚಿಂಗ್ ಮಾಡುವ ಅನುಭವಿಗಳಿಗೆ ಕೊಡಿ. ಜೊತೆಗೆ ಅದೇ ವಯಸ್ಸಿನ ಅವರ ಬೇರೆ ಎರಡು ಫೋಟೋ ಕೊಟ್ಟರೆ ಅವರಿಗೆ ನೋಡಿಕೊಳ್ಳಲು ಆಧಾರ ಸಿಗುತ್ತದೆ. ಪಾಸ್‌ಪೋರ್ಟ್, ಗುರುತಿನ ಚೀಟಿಯ ಫೋಟೋ ಆದರೆ ಯಾವ ತುಂಬುವಿಕೆಯೂ ಬೇಡ, ಗೋಡೆಯಿಂದ ದೂರ ನಿಲ್ಲಿಸಿ, ಕಿಟಕಿ ಬೆಳಕಿನಲ್ಲಿ ಹೊಸದಾಗಿ ತೆಗೆಯಿರಿ.